ಕವಲೇದುರ್ಗ ಪ್ರವಾಸದಲ್ಲಿ ಮಕ್ಕಳು ಬಿದ್ದ ಬಗ್ಗೆ ವರದಿ

ಪ್ರಿನ್ಸಿಪಾಲ್ ಮೇಡಂಗೆ ನಮಸ್ಕಾರ,

ನಿನ್ನೆ ಶನಿವಾರ, ನವೆಂಬರ್ 22, 2025ರಂದು 9ನೇ ತರಗತಿಯ ಪ್ರವಾಸದಲ್ಲಿ ಆದ ಘಟನೆಯ ಪೂರ್ತಿ ವಿವರ ಇಲ್ಲಿದೆ. ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದೆ, ಈಗ ಕ್ರಮವಾಗಿ ಬರೆಯುತ್ತಿದ್ದೇನೆ. ಮೊದಲು ಮುಖ್ಯ ವಿಷಯ: ಹೋದ 78 ಮಕ್ಕಳೂ ಮನೆ ಸೇರಿದ್ದಾರೆ. ಮೂವರಿಗೆ ಪೆಟ್ಟಾಗಿದೆ, ಯಾರ ಜೀವಕ್ಕೂ ಅಪಾಯ ಇಲ್ಲ. ಈ ವರದಿ ಆಡಳಿತ ಮಂಡಳಿಗೂ ಹೋಗುತ್ತದೆ, ಅಲ್ಲಿಂದ ಎಲ್ಲೆಲ್ಲಿಗೋ ಫಾರ್ವರ್ಡ್ ಆಗಬಹುದು. ಹಾಗಾಗಿ ಮಕ್ಕಳ ಹೆಸರು ಹಾಕಿಲ್ಲ, ರೋಲ್ ನಂಬರ್ ಮಾತ್ರ ಕೊಟ್ಟಿದ್ದೇನೆ. ಹೆಸರುಗಳು ನಿಮ್ಮ ಟೇಬಲ್ ಮೇಲಿರುವ ಪ್ರವಾಸದ ಪಟ್ಟಿಯಲ್ಲೇ ಇವೆ.

ಬೆಳಿಗ್ಗೆ 6:30ಕ್ಕೆ ಶಾಲೆಯಿಂದ ಎರಡು ಬಸ್ಸಿನಲ್ಲಿ ಹೊರಟೆವು. ಹುಡುಗಿಯರು 41, ಹುಡುಗರು 37. ಮೊದಲ ಬಸ್ಸಿನಲ್ಲಿ 40, ಎರಡನೆಯದರಲ್ಲಿ 38 ಮಕ್ಕಳು. ಶಿಕ್ಷಕರು ನನ್ನನ್ನೂ ಸೇರಿಸಿ 7 ಜನ. ಮಕ್ಕಳನ್ನು 13ರಂತೆ ಆರು ಗುಂಪು ಮಾಡಿ ಒಂದೊಂದು ಗುಂಪಿಗೆ ಒಬ್ಬ ಶಿಕ್ಷಕರನ್ನು ಬಿಟ್ಟಿದ್ದೆವು. ನಾನು ಯಾವ ಗುಂಪಿಗೂ ಸೇರದೆ ಉಸ್ತುವಾರಿಯಾಗಿದ್ದೆ. ತೀರ್ಥಹಳ್ಳಿಯಲ್ಲಿ ತಿಂಡಿ ಮುಗಿಸಿ, ಹತ್ತು ಗಂಟೆ ಹೊತ್ತಿಗೆ ಕೋಟೆ ಹತ್ತುವುದಕ್ಕೆ ಶುರು ಮಾಡಿದೆವು. ಹತ್ತುವಾಗ ಏನೂ ತೊಂದರೆ ಆಗಲಿಲ್ಲ. ಕೆಳದಿ ನಾಯಕರ ಕಾಲದ ಬಾಗಿಲುಗಳು, ಅರಮನೆಯ ಅಡಿಪಾಯ, ಕೊಳ ಎಲ್ಲಾ ನೋಡಿದರು, ಮಕ್ಕಳು ಪ್ರಶ್ನೆ ಕೇಳಿದ್ದೇ ಕೇಳಿದ್ದು.

ಇಳಿಯುವಾಗ, 12:10ಕ್ಕೆ, ಮರದ ನೆರಳು ದಟ್ಟವಾಗಿರುವ ಒಂದು ಕಡೆ ಅವಘಡ ಆಯಿತು. ಹಿಂದಿನ ರಾತ್ರಿ ಅಲ್ಲಿ ಮಳೆ ಬಿದ್ದಿತ್ತು. ಬಿಸಿಲಿಗೆ ಬಿದ್ದ ಕಲ್ಲುಗಳು ಒಣಗಿದ್ದವು, ನೆರಳಲ್ಲಿದ್ದವು ಹಾವಸೆ ಕಟ್ಟಿ ಜಾರುತ್ತಿದ್ದವು. ಬಿ ವಿಭಾಗದ ರೋಲ್ ನಂಬರ್ 17ರ ಹುಡುಗಿ ಕಾಲು ಜಾರಿ ಎಡಗೈ ಊರಿ ಬಿದ್ದಳು. ಬಿದ್ದ ರಭಸಕ್ಕೆ ಮುಂದೆ ಇಳಿಯುತ್ತಿದ್ದ ಅದೇ ವಿಭಾಗದ 9ನೇ ನಂಬರಿನ ಹುಡುಗಿಗೆ ತಾಗಿದಳು, ಆಕೆ ಮೂರು ಮೆಟ್ಟಿಲು ಕೆಳಗೆ ಉರುಳಿದಳು, ಹುಬ್ಬಿನ ಮೇಲೆ ಕಲ್ಲಿನ ಅಂಚು ತಾಗಿ ರಕ್ತ ಬಂತು. ಅವಳನ್ನು ಹಿಡಿಯೋಕೆ ಅಂತ ಪಕ್ಕದಿಂದ ಹಾರಿದ ಎ ವಿಭಾಗದ 31ನೇ ನಂಬರಿನ ಹುಡುಗನ ಬಲಗಾಲು ಉಳುಕಿತು. ನಾನು ನಾಲ್ಕು ಮೆಟ್ಟಿಲು ಹಿಂದೆ ಇದ್ದೆ, ಕಣ್ಣಾರೆ ನೋಡಿದ್ದು. ಯಾರೂ ಓಡುತ್ತಿರಲಿಲ್ಲ, ಯಾರೂ ಯಾರನ್ನೂ ತಳ್ಳಲಿಲ್ಲ. ಮಕ್ಕಳು ತಳ್ಳಾಡಿಕೊಂಡು ಬಿದ್ದರು ಅಂತ ಕೆಲವು ಪೋಷಕರು ಹೇಳುತ್ತಿದ್ದಾರಂತೆ, ಅದು ಸುಳ್ಳು.

ಪಿ.ಇ. ಮೇಷ್ಟ್ರು ಕೂಡಲೇ ಮೂರು ಸಲ ಸೀಟಿ ಊದಿದರು. ಮೂರು ಸೀಟಿ ಕೇಳಿದರೆ ಎಲ್ಲಿದ್ದೀರೋ ಅಲ್ಲೇ ಕೂತುಬಿಡಿ ಅಂತ ಬೆಳಿಗ್ಗೆ ಬಸ್ಸಿನಲ್ಲೇ ಹೇಳಿದ್ದೆವು. ಮಕ್ಕಳು ಹಾಗೇ ಕೂತರು, ಆ ಮಾತು ಕೇಳಿದ್ದಕ್ಕೆ ಅವರನ್ನು ಮೆಚ್ಚಲೇಬೇಕು. ಪೆಟ್ಟಾದ ಮೂವರನ್ನು ಬಿಟ್ಟು 75 ಬರಬೇಕಿತ್ತು. ಮೊದಲ ಎಣಿಕೆಯಲ್ಲಿ 74 ಬಂತು. ಐದನೇ ಗುಂಪಿನ ಒಬ್ಬ ಹುಡುಗ ಲೆಕ್ಕಕ್ಕೆ ಸಿಗಲಿಲ್ಲ. ಗುಂಪುಗಳು ಇಳಿಜಾರಿನಲ್ಲಿ ಮೇಲೆ ಕೆಳಗೆ ಹರಡಿಕೊಂಡಿದ್ದವು, ಒಬ್ಬರಿಂದ ಒಬ್ಬರಿಗೆ ಕೂಗಿ ಕೇಳಬೇಕಿತ್ತು, ಒಂದು ಕಡೆ ರಕ್ತ ಒತ್ತಿ ಹಿಡಿದುಕೊಂಡು ಇನ್ನೊಂದು ಕಡೆ ಆ ಹುಡುಗನ ಹೆಸರು ಕೂಗುವುದು ನಮಗೆಲ್ಲ ತುಂಬಾ ಕಷ್ಟವಾಯಿತು. ಸುಮಾರು ಆರು ನಿಮಿಷದ ಮೇಲೆ ಸಿಕ್ಕಿದ. ಗೆಳೆಯನ ಜೊತೆ ಮಾತಾಡುತ್ತಾ ಮುಂದಿದ್ದ ಒಂದನೇ ಗುಂಪಿಗೆ ಸೇರಿಕೊಂಡಿದ್ದ. ಆ ಗುಂಪಿನ ಮೇಡಂ ತಮ್ಮ ಪಟ್ಟಿಯ 13 ಹೆಸರು ಕೂಗಿದ್ದರು, ಹದಿಮೂರೂ ಸರಿ ಇತ್ತು, ಹದಿನಾಲ್ಕನೆಯವನು ಹಿಂದೆ ಸುಮ್ನೆ ಕೂತಿದ್ದ. ಆಮೇಲೆ ಪ್ರತಿ ಸಲ ಹೆಸರೂ ಕೂಗಿದೆವು, ತಲೆಯೂ ಎಣಿಸಿದೆವು.

ಪ್ರಥಮ ಚಿಕಿತ್ಸೆ ವಿಷಯ. ಹುಬ್ಬಿನ ಗಾಯಕ್ಕೆ ಕನ್ನಡ ಮೇಡಂ ಕೈಗವಸು ಹಾಕಿಕೊಂಡು ಸ್ವಚ್ಛ ಗಾಜ್ ಇಟ್ಟು, ಮಧ್ಯೆ ಎತ್ತಿ ನೋಡದೆ ಹತ್ತು ನಿಮಿಷ ಒತ್ತಿ ಹಿಡಿದರು. ರಕ್ತ ನಿಂತಿತು, ಬ್ಯಾಂಡೇಜ್ ಸುತ್ತಿದೆವು. ತಲೆಗೆ ಪೆಟ್ಟಾದ ಕಾರಣ ಅವಳ ಹತ್ತಿರ ಹೆಸರು, ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂದೆ ಅಂತ ಕೇಳುತ್ತಾ ಇದ್ದೆವು. ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ಪ್ರಜ್ಞೆ ತಪ್ಪಿರಲಿಲ್ಲ, ವಾಂತಿ ಇಲ್ಲ, ಕತ್ತು ನೋವು ಇಲ್ಲ. ಇಷ್ಟು ಖಾತ್ರಿ ಆಗುವ ತನಕ ಎಬ್ಬಿಸಲಿಲ್ಲ.

17ನೇ ನಂಬರಿನ ಹುಡುಗಿಯ ಮಣಿಕಟ್ಟು ನೋಡುತ್ತಿದ್ದಂತೆ ಊದಿಕೊಂಡಿತು, ಸ್ವಲ್ಪ ಸೊಟ್ಟಗೂ ಕಾಣುತ್ತಿತ್ತು. ಊತ ಜಾಸ್ತಿ ಆಗುವ ಮೊದಲೇ ಅವಳ ವಾಚು ಮತ್ತು ಎರಡು ಬಳೆ ತೆಗೆದೆವು. ಕೈ ಎಳೆಯಲಿಲ್ಲ, ತಿಕ್ಕಲಿಲ್ಲ. ಮಕ್ಕಳ ಹತ್ತಿರ ಇದ್ದ 30 ಸೆಂಟಿಮೀಟರ್ ಮರದ ಸ್ಕೇಲಿಗೆ ಕರ್ಚೀಫು ಸುತ್ತಿ, ಕೈ ಕೆಳಗೆ ಆನಿಸಿ, ನೋವಿರುವ ಜಾಗ ಬಿಟ್ಟು ಆಚೆ ಈಚೆ ಕಟ್ಟಿದೆವು. ಅವಳದ್ದೇ ವೇಲ್ ಮಡಚಿ ಕುತ್ತಿಗೆಗೆ ಜೋಳಿಗೆ ಮಾಡಿದೆವು. ಬೆರಳು ಆಡಿಸಲು ಹೇಳಿದೆ, ಆಡಿಸಿದಳು, ಉಗುರು ಒತ್ತಿ ಬಿಟ್ಟರೆ ಬಣ್ಣ ವಾಪಸ್ ಬರುತ್ತಿತ್ತು. ಆಸ್ಪತ್ರೆಯಲ್ಲಿ ಏನು ಮಾಡುತ್ತಾರೋ ಗೊತ್ತಿಲ್ಲದ ಕಾರಣ ಊಟ ಕೊಡಲಿಲ್ಲ, ಬಾಯಿ ಒದ್ದೆ ಮಾಡಿಕೊಳ್ಳೋಕೆ ಮಾತ್ರ ನೀರು ಕೊಟ್ಟೆವು. ಆ ಹುಡುಗಿ ಅತ್ತಿದ್ದು ನೋವಿಗಲ್ಲ ಮೇಡಂ, ತನ್ನಿಂದ ಇನ್ನೊಬ್ಬಳು ಬಿದ್ದಳು ಅಂತ. ಇಡೀ ದಾರಿ ಅದೇ ಮಾತು.

ಹುಡುಗನ ಪಾದಕ್ಕೆ ತಣ್ಣೀರಿನ ಬಟ್ಟೆ ಹಾಕಿ ಕ್ರೇಪ್ ಬ್ಯಾಂಡೇಜ್ ಕಟ್ಟಿದೆವು, ನಡೆಸಲಿಲ್ಲ. ಇದಲ್ಲದೆ ಸುಮಾರು ಮಕ್ಕಳಿಗೆ ಇಂಬಳ ಹತ್ತಿತ್ತು, ಉಪ್ಪು ಹಾಕಿ ಬಿಡಿಸಿ ತೊಳೆದೆವು. ಇವತ್ತು ಕಾಲಲ್ಲಿ ರಕ್ತದ ಕಲೆ ನೋಡಿ ಯಾರಾದರೂ ಪೋಷಕರು ಫೋನ್ ಮಾಡಿದರೆ ಅದು ಇಂಬಳದ್ದು ಅಂತ ಹೇಳಿಬಿಡಿ.

ಬಿದ್ದ ಜಾಗದಲ್ಲಿ ಯಾರ ಮೊಬೈಲಿಗೂ ಸಿಗ್ನಲ್ ಇರಲಿಲ್ಲ. ಗಣಿತ ಮೇಷ್ಟ್ರು ಮುಂದೆ ಇಳಿದು ಊರಿಗೆ ಹೋಗಿ 12:35ಕ್ಕೆ 108ಕ್ಕೂ ನಿಮಗೂ ಫೋನ್ ಮಾಡಿದರು. ಊರಿನವರ ಉಪಕಾರ ಎಷ್ಟು ಹೇಳಿದರೂ ಸಾಲದು. ಇಬ್ಬರು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡೇ ಮೇಲೆ ಬಂದರು, ಹುಡುಗನನ್ನು ಅದರಲ್ಲಿ ಕೂರಿಸಿ ಇಳಿಸಿದರು. ಒಬ್ಬ ಅಜ್ಜ, ಹತ್ತಿರದಲ್ಲೇ ನಾಟಿ ವೈದ್ಯರು ಇದ್ದಾರೆ, ಮೂಳೆ ಕೂರಿಸುತ್ತಾರೆ, ಕರೆಸಲಾ ಅಂದರು. ಎಕ್ಸ್‌ರೇ ಆಗದೆ ಬೇಡ ಅಜ್ಜಾ ಅಂದೆ, ಅವರೂ ಬೇಸರ ಮಾಡಿಕೊಳ್ಳಲಿಲ್ಲ. 1:05ಕ್ಕೆ ಕೆಳಗೆ ಬಂದಾಗ ಅಲ್ಲಿನವರ ಜೀಪು ತಯಾರಿತ್ತು. ಆಂಬ್ಯುಲೆನ್ಸಿಗೆ ಕಾಯುವುದಕ್ಕಿಂತ ಇದೇ ಬೇಗ ಅಂತ 108ಕ್ಕೆ ತಿಳಿಸಿ, ಮೂರು ಮಕ್ಕಳು, ಕನ್ನಡ ಮೇಡಂ, ನಾನು 1:15ಕ್ಕೆ ಹೊರಟೆವು.

ಪೋಷಕರಿಗೆ ತಿಳಿಸಿದ್ದು ಹೀಗೆ. 17ನೇ ನಂಬರಿನ ತಂದೆಗೆ 1:08ಕ್ಕೆ ಜೀಪು ಹತ್ತುವ ಮೊದಲೇ ಮಾಡಿದೆ. "ಮಗಳು ನನ್ನ ಪಕ್ಕದಲ್ಲೇ ಇದ್ದಾಳೆ, ಮಾತಾಡ್ತಾಳೆ, ಕೈಗೆ ಪೆಟ್ಟಾಗಿದೆ" ಅಂತ ಹೇಳಿ ಫೋನ್ ಅವಳಿಗೇ ಕೊಟ್ಟೆ. ಅಪ್ಪ ಅಂತ ಅವಳ ದನಿ ಕೇಳಿದ ಮೇಲೆ ಅವರು ಸಮಾಧಾನವಾಗಿ ಆಸ್ಪತ್ರೆ ಯಾವುದು ಅಂತ ಕೇಳಿದರು. ಹುಡುಗನ ತಂದೆ ತಾಯಿ ಬೆಂಗಳೂರಿನಲ್ಲಿದ್ದಾರೆ, ಇಲ್ಲಿ ಅಜ್ಜಿ ಮನೆ. ವಯಸ್ಸಾದವರಿಗೆ ಗಾಬರಿ ಬೇಡ ಅಂತ ಮೊದಲು ಸೋದರಮಾವನಿಗೆ 1:12ಕ್ಕೆ ಹೇಳಿದೆ. ತೊಂದರೆ ಆಗಿದ್ದು 9ನೇ ನಂಬರಿನ ಮನೆಗೆ. ಒಪ್ಪಿಗೆ ಪತ್ರದಲ್ಲಿದ್ದ ಒಂದು ನಂಬರ್ ಸ್ವಿಚ್ ಆಫ್. ಇನ್ನೊಂದು ಈಗ ಭದ್ರಾವತಿಯಲ್ಲಿ ಬೇರೆ ಯಾರದೋ ಹತ್ತಿರ ಇದೆ. ಕೊನೆಗೆ ಕ್ಲಾಸ್ ಟೀಚರ್ ಅವರ ಪಕ್ಕದ ಮನೆಯವರ ನಂಬರ್ ಹುಡುಕಿ ಕೊಟ್ಟರು, ತಾಯಿ ಸಿಕ್ಕಾಗ 1:35.

ಅಷ್ಟರಲ್ಲಿ 1:20ಕ್ಕೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಬಸ್ ಪಲ್ಟಿ ಅಂತ ಯಾರೋ ಹಾಕಿಬಿಟ್ಟಿದ್ದರು. ಆ ತಾಯಿ ನಾನು ಹಲೋ ಅನ್ನುವ ಮೊದಲೇ "ಇದ್ದಾಳಾ ಸಾರ್?" ಅಂತ ಕೇಳಿದರು. ಆ ಹದಿನೈದು ನಿಮಿಷ ಅವರು ಹೇಗಿದ್ದರೋ, ಅದು ನನಗೆ ಈಗಲೂ ಸಂಕಟ. ಆಫೀಸಿನಿಂದ 1:40ಕ್ಕೆ ನೀವು ಎಲ್ಲ ಮನೆಗೂ ಕಳಿಸಿದ ಮೆಸೇಜ್ ಬಹಳ ಉಪಯೋಗ ಆಯಿತು.

ತೀರ್ಥಹಳ್ಳಿ ಆಸ್ಪತ್ರೆ ತಲುಪಿದ್ದು 1:55. ಮಣಿಕಟ್ಟಿನ ಹತ್ತಿರ ಮೂಳೆ ಮುರಿದಿದೆ, ತಾತ್ಕಾಲಿಕ ಪಟ್ಟಿ ಹಾಕಿ ಶಿವಮೊಗ್ಗದಲ್ಲಿ ಮೂಳೆ ಡಾಕ್ಟರಿಗೆ ತೋರಿಸಲು ಬರೆದುಕೊಟ್ಟರು. ಹುಬ್ಬಿಗೆ 4 ಹೊಲಿಗೆ, ಟಿಟಿ ಇಂಜೆಕ್ಷನ್. ಮೂರು ಗಂಟೆ ಕೂರಿಸಿಕೊಂಡು ನೋಡಿದರು. ಮನೆಯಲ್ಲಿ ವಾಂತಿ, ಜಾಸ್ತಿ ತಲೆನೋವು, ಅತಿಯಾದ ನಿದ್ದೆ ಕಂಡರೆ ತಕ್ಷಣ ಕರೆತನ್ನಿ ಅಂದಿದ್ದನ್ನು ತಾಯಿಗೆ ಬರೆದೂ ಕೊಟ್ಟಿದ್ದೇವೆ. ಇವತ್ತು ಬೆಳಿಗ್ಗೆ ಫೋನ್ ಮಾಡಿದೆ, ದೋಸೆ ತಿಂದಳಂತೆ, ಆರಾಮಾಗಿದ್ದಾಳೆ. ಹುಡುಗನಿಗೆ ಮೂಳೆ ಏನೂ ಆಗಿಲ್ಲ. ಮೂವರನ್ನೂ ಮನೆಯವರು ಬಂದು 5:30ರ ಹೊತ್ತಿಗೆ ಸಹಿ ಹಾಕಿ ಕರೆದುಕೊಂಡು ಹೋದರು.

ಉಳಿದ 75 ಮಕ್ಕಳನ್ನು ಪಿ.ಇ. ಮೇಷ್ಟ್ರು ನೋಡಿಕೊಂಡರು. ಶಿಕ್ಷಕರು 5 ಜನ ಉಳಿದ ಕಾರಣ 15ರಂತೆ ಐದು ಗುಂಪು ಹೊಸದಾಗಿ ಮಾಡಿದರು. ಕೋಟೆಯ ಬಾಗಿಲಲ್ಲಿ 75, ಗದ್ದೆ ದಾಟಿದ ಮೇಲೆ 75, ಊಟ ಆಗಿ ಬಸ್ಸಿನಲ್ಲಿ 39 ಮತ್ತು 36. ಕುಪ್ಪಳ್ಳಿ ರದ್ದು ಮಾಡಿ 2:15ಕ್ಕೆ ಹೊರಟು 5 ಗಂಟೆಗೆ ಶಾಲೆಗೆ ಬಂದರು. ಮನೆಯವರ ಸಹಿ ಇಲ್ಲದೆ ಒಂದು ಮಗುವನ್ನೂ ಬಿಟ್ಟಿಲ್ಲ.

ಜೀಪಿನವರು ದುಡ್ಡು ಬೇಡ ಅಂದರು, ಡೀಸೆಲ್‌ಗಾದರೂ ಇರಲಿ ಅಂತ ಒತ್ತಾಯ ಮಾಡಿ 600 ಕೊಟ್ಟಿದ್ದೇನೆ. ಔಷಧಿಗೆ 340. ಬಿಲ್ಲು, ಆಸ್ಪತ್ರೆ ಚೀಟಿಗಳ ಜೆರಾಕ್ಸ್, ಎಣಿಕೆ ಹಾಳೆ, ಸಹಿ ಪಟ್ಟಿ ಜೊತೆಗಿವೆ.

ಎರಡು ಕೋರಿಕೆ ಇದೆ ಮೇಡಂ. ಮುಂದಿನ ಪ್ರವಾಸಕ್ಕೆ ಮೊದಲು ಫಾರಂನಲ್ಲಿರುವ ಪ್ರತಿ ನಂಬರಿಗೂ ಆಫೀಸಿನಿಂದ ಒಂದು ಸಲ ರಿಂಗ್ ಮಾಡಿ ನೋಡಲೇಬೇಕು, ಎತ್ತದ ನಂಬರ್ ಇದ್ದರೆ ಆ ಮಗುವಿನ ಫಾರಂ ವಾಪಸ್ ಕಳಿಸೋಣ. ಇನ್ನೊಂದು, 17ನೇ ನಂಬರಿನ ಹುಡುಗಿಗೆ ನೀವೇ ಒಂದು ಮಾತು ಹೇಳಬೇಕು, ಅವಳದ್ದೇನೂ ತಪ್ಪಿಲ್ಲ ಅಂತ. ನಾವೆಲ್ಲ ಹೇಳಿ ಆಗಿದೆ, ನಂಬುತ್ತಿಲ್ಲ, ನೀವು ಹೇಳಿದರೆ ನಂಬುತ್ತಾಳೆ.

ಅವಳನ್ನು ನಾಳೆ ಸೋಮವಾರ 10 ಗಂಟೆಗೆ ಮೂಳೆ ಡಾಕ್ಟರಿಗೆ ತೋರಿಸುತ್ತಾರೆ, ಜೊತೆಗೆ ಬರುತ್ತೇನೆ ಅಂತ ಅವರ ತಂದೆಗೆ ಹೇಳಿದ್ದೇನೆ. ನನ್ನ ಮೊದಲ ಎರಡು ಪೀರಿಯಡ್‌ಗೆ ದಯವಿಟ್ಟು ಬೇರೆಯವರನ್ನು ಹಾಕಿ.

ಇಂತಿ,
ಸಮಾಜ ವಿಜ್ಞಾನ ಶಿಕ್ಷಕ, ಪ್ರವಾಸದ ಉಸ್ತುವಾರಿ
ಶಿವಮೊಗ್ಗ, ನವೆಂಬರ್ 23, 2025