ಉಡುಪಿ–ಮಂಗಳೂರಿನ ಮದುವೆ ಕಾಗದ ಮತ್ತು ಹಬ್ಬದ ಕಾರ್ಡುಗಳಿಗೆ ಚಿತ್ರಸೂಚನೆಗಳು

ಎಲ್ಲ ಚಿತ್ರಗಳಿಗೂ ಮೊದಲು

ಈ ಋತುವಿನಲ್ಲಿ ನಮ್ಮ ಉಡುಪಿಯ ಮುದ್ರಣಾಲಯ ಒಪ್ಪಿಕೊಂಡಿರುವ ಕೆಲಸಗಳಿಗೆ ಬರೆದ ಸೂಚನೆಗಳಿವು. ಕೈಯಲ್ಲಿ ಬಿಡಿಸುವವರೂ, ಕಂಪ್ಯೂಟರಿಗೆ ಸೂಚನೆ ಕೊಟ್ಟು ಚಿತ್ರ ಮಾಡಿಸುವವರೂ ಇವನ್ನೇ ಬಳಸಿ. ಬೇರೆ ಹೇಳದಿದ್ದರೆ ಕಾರ್ಡು 5 × 7 ಇಂಚು, ನಿಂತ ಆಯತ. ಕತ್ತರಿಸಲು ಸುತ್ತ 3 ಮಿ.ಮೀ. ಹೆಚ್ಚುವರಿ, 300 ಡಿಪಿಐ. ಚಿತ್ರದೊಳಗೆ ಒಂದು ಅಕ್ಷರವೂ ಬೇಡ, ಅಂಕಿಯೂ ಬೇಡ. ಹೆಸರು, ಮುಹೂರ್ತ, ಸ್ಥಳ ಎಲ್ಲವನ್ನೂ ನಾವೇ ಆಮೇಲೆ ಜೋಡಿಸುತ್ತೇವೆ.

ಹೆಸರಿನ ಜಾಗವನ್ನು ಮೊದಲು ಗುರುತು ಮಾಡಿ, ಆಮೇಲೆ ಹೂವಿಗೆ ಕೈ ಹಾಕಿ. ಹೂವೆಲ್ಲ ಮುಗಿದ ಮೇಲೆ ಉಳಿದ ಖಾಲಿಯಲ್ಲಿ ವಧೂವರರ ಹೆಸರನ್ನು ತುರುಕುವಂತಾದರೆ ಆ ಚಿತ್ರ ಎಷ್ಟು ಚಂದವಿದ್ದರೂ ಕಾಗದಕ್ಕೆ ಒದಗುವುದಿಲ್ಲ. ಕನ್ನಡದ ಸಾಲಿಗೆ ಎತ್ತರ ಬೇಕು: ಮೇಲೆ ಗುಡಿಸು, ಕೆಳಗೆ ಒತ್ತು. ‘ಪ್ರಜ್ವಲ್’ ಎಂದು ದೊಡ್ಡದಾಗಿ ಬರೆದರೆ ‘ಪ’ದ ಕೆಳಗಿನ ರಕಾರವೂ ‘ಜ’ದ ಕೆಳಗಿನ ವಕಾರವೂ ಸಾಲಿನಿಂದ ಸಾಕಷ್ಟು ಕೆಳಗೆ ಇಳಿಯುತ್ತವೆ. ಅಲ್ಲಿಗೆ ಎಲೆಯ ತುದಿಯೋ ಬಳ್ಳಿಯ ಸುರುಳಿಯೋ ಏರಿ ಬಂದರೆ ಒತ್ತಕ್ಷರ ಯಾವುದು, ಬಳ್ಳಿ ಯಾವುದು ಎಂದು ತಿಳಿಯುವುದಿಲ್ಲ.

ಇನ್ನೊಂದು, ಮದುವೆ ಕಾಗದಕ್ಕೆ ಮಾತ್ರ. ಮನೆಯವರು ದೇವರ ಮುಂದಿಟ್ಟು ನಾಲ್ಕೂ ಮೂಲೆಗೆ ಅರಿಶಿನ ಹಚ್ಚುತ್ತಾರೆ. ಮೂಲೆಯ ತುದಿಯಲ್ಲಿ ಸೂಕ್ಷ್ಮ ಕುಸುರಿ ಮಾಡಿದರೆ ಅದು ಅರಿಶಿನದ ಅಡಿ ಹೋಗುತ್ತದೆ. ಹೆಬ್ಬೆರಳಿನಷ್ಟು ಅಗಲದ ತಿಳಿ ಜಾಗವನ್ನು ಮೂಲೆಯಲ್ಲಿ ಬಿಟ್ಟು, ಅಂಚು ಅದನ್ನು ಬಳಸಿಕೊಂಡು ತಿರುಗಲಿ.

1. ಪ್ರಜ್ವಲ್ – ಅನುಷಾ ಮದುವೆ ಕಾಗದ: ಮಲ್ಲಿಗೆ ಮತ್ತು ಹಿಂಗಾರ

ಮಂಗಳೂರಿನ ಬಂಟ ಕುಟುಂಬ, ಹಗಲಿನ ಧಾರೆ. ಹಿನ್ನೆಲೆ ಹಸಿ ತೆಂಗಿನಕಾಯಿಯ ಒಳಗಿನ ಬಿಳಿ. ಅಚ್ಚ ಬಿಳಿ ಬೇಡ. ಸುತ್ತ ಶಂಕರಪುರ ಮಲ್ಲಿಗೆಯ ಅಂಚು, ಅಗಲ ಮುಕ್ಕಾಲು ಇಂಚು. ಅರಳಿದ ಹೂವಲ್ಲ, ಮೊಗ್ಗು: ತುದಿ ಕೊಂಚ ಮೊಂಡು, ಬುಡದಲ್ಲಿ ತಿಳಿಹಸಿರು ತೊಟ್ಟು, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ್ದು. ಶಂಕರಪುರದ ಲೆಕ್ಕದಲ್ಲಿ ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟಿ. ಆ ಒತ್ತು ಕಣ್ಣಿಗೆ ಬೀಳಬೇಕು. ಬಿಡಿ ಬಿಡಿ ಹೂವುಗಳನ್ನು ದೂರ ದೂರ ಚೆಲ್ಲಿದರೆ ಅದು ಯಾವ ಊರಿನ ಮಲ್ಲಿಗೆಯೂ ಆದೀತು, ನಮ್ಮದಾಗುವುದಿಲ್ಲ. ನಾರಿನ ಗಂಟು ಅಲ್ಲಲ್ಲಿ ಕಾಣಲಿ. ನೋಡಿದವರಿಗೆ ಕಟ್ಟಿದ ಕೈಯ ನೆನಪಾಗಬೇಕು.

ಮೇಲ್ಗಡೆ ನಡುವೆ ಹಿಂಗಾರದ ಒಂದು ಗೊನೆ, ಹಾಳೆ ಬಿರಿದು ಹೊರಬಂದ ಹಾಗೆ ಎರಡೂ ಬದಿಗೆ ಇಳಿಬಿದ್ದಿರಲಿ. ಅಡಿಕೆ ಹೂವಿನ ಬಣ್ಣ ಬಂಗಾರವಲ್ಲ, ಮಾಸಲು ಹಳದಿ. ಬಂಗಾರದ ಫಾಯಿಲ್ ಒತ್ತುವುದು ಕಡ್ಡಿಗಳ ಹೊರಗೆರೆಗೆ ಮಾತ್ರ. ಗೆರೆ ಕೂದಲೆಳೆಯಷ್ಟು ತೆಳುವಾದರೆ ಫಾಯಿಲ್ ತುಂಡು ತುಂಡಾಗಿ ಹತ್ತುತ್ತದೆ, ಆದ್ದರಿಂದ ಕೈ ಸ್ವಲ್ಪ ದಪ್ಪವಿರಲಿ.

ಕೆಳಗಿನ ಮೂರನೇ ಒಂದು ಭಾಗದಲ್ಲಿ ಧಾರೆ: ಒಂದರ ಮೇಲೊಂದು ಇಟ್ಟ ವಧೂವರರ ಕೈಗಳು, ಮೇಲಿನಿಂದ ಕಂಚಿನ ಗಿಂಡಿ, ಅದರ ಮೂತಿಯಿಂದ ಬೀಳುವ ನೀರಿನ ಒಂದೇ ಎಳೆ. ಮುಖಗಳು ಬೇಡ. ಗಿಂಡಿಯನ್ನು ಮುಟ್ಟಿರುವ ಹಿರಿಯರ ಕೈಗಳು ಮೂರು ನಾಲ್ಕು ಕಾಣಿಸಲಿ; ಒಂದರ ಚರ್ಮ ಸುಕ್ಕುಗಟ್ಟಿರಲಿ, ಒಂದರಲ್ಲಿ ಬಳೆ ಇರಲಿ. ಧಾರೆ ಎರೆಯುವುದು ಇಡೀ ಕುಟುಂಬದ ಕೆಲಸ ಎಂಬುದು ಆ ಕೈಗಳಿಂದಲೇ ಗೊತ್ತಾಗಬೇಕು.

ಹೆಸರಿನ ಜಾಗ ನಡುವೆ, 3½ ಇಂಚು ಅಗಲ, 2 ಇಂಚು ಎತ್ತರ, ಪೂರ್ತಿ ಖಾಲಿ. ಅಲ್ಲಿ ನೆರಳಾಗಲೀ ಮಸುಕು ವಿನ್ಯಾಸವಾಗಲೀ ಇರಬಾರದು. ಎರಡು ಹೆಸರು ಒಂದರ ಕೆಳಗೊಂದು ಬರುತ್ತವೆ, ಅವುಗಳ ನಡುವೆ ಒಂದೇ ಒಂದು ಮಲ್ಲಿಗೆ ಮೊಗ್ಗು. ಹೆಸರಿನ ಮೇಲೆ ಮನೆತನದ ದೈವ ದೇವರ ಸಾಲುಗಳಿಗೆ ಅರ್ಧ ಇಂಚು ಬಿಡಿ.

ಅಂಚಿಗೆ ದೈವದ ಮುಗ ಅಥವಾ ಅಣಿ ಹಾಕಿಕೊಡಿ ಎಂದು ಕೆಲವು ಗಿರಾಕಿಗಳು ಕೇಳುತ್ತಾರೆ. ಈ ಚಿತ್ರದಲ್ಲೂ ಬೇರೆ ಯಾವ ಚಿತ್ರದಲ್ಲೂ ಅದು ಬೇಡ. ಮದುವೆ ಮುಗಿದ ಮೇಲೆ ಕಾಗದ ಕಾಲಡಿಗೂ ಬೀಳುತ್ತದೆ, ರದ್ದಿಗೂ ಹೋಗುತ್ತದೆ. ಕೋಲದಲ್ಲಿ ಕೈಮುಗಿದು ನೋಡುವುದನ್ನು ಅಲ್ಲಿಗೆ ಎಳೆದು ತರುವುದು ಸರಿಯಲ್ಲ. ಹಿಂಗಾರ ಒಂದಿದ್ದರೆ ಸಾಕು, ತುಳುನಾಡಿನವರಿಗೆ ಅರ್ಥವಾಗುತ್ತದೆ.

2. ಶ್ರೀನಿಧಿ – ವೈಷ್ಣವಿ ಮದುವೆ ಕಾಗದ: ಕಾವಿ ಅಂಚು

ಉಡುಪಿಯ ಶಿವಳ್ಳಿ ಮನೆ. ಎರಡೇ ಬಣ್ಣ: ಸುಣ್ಣದ ಬಿಳಿ ಮತ್ತು ಕೆಮ್ಮಣ್ಣಿನ ಕೆಂಪು. ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯ ಕಾವಿ ಕಲೆಯೇ ಇಲ್ಲಿಗೆ ಮಾದರಿ. ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಬೇಕಾದಲ್ಲಿ ಕೆರೆದು ತೆಗೆದರೆ ಅಡಿಯ ಬಿಳಿ ಮೇಲೆ ಬರುತ್ತದೆ. ಆದ್ದರಿಂದ ಚಿತ್ರದಲ್ಲಿಯೂ ಬಿಳಿ ಗೆರೆ ಎಂದರೆ ಬಳಿದ ಗೆರೆಯಲ್ಲ, ಕೆರೆದ ಗೆರೆ: ಅಂಚು ಸ್ವಲ್ಪ ಒರಟು, ಆಳ ಒಂದೇ ಸಮ ಇಲ್ಲ. ಬಣ್ಣದ ಏರಿಳಿತ, ನೆರಳು, ಹೊಳಪು ಯಾವುದೂ ಬೇಡ.

ಹೊರ ಅಂಚಿನಲ್ಲಿ ಒಂದರೊಳಗೊಂದು ಸಿಕ್ಕಿಕೊಂಡ ವೃತ್ತಗಳ ಸಾಲು, ಪ್ರತಿ ವೃತ್ತದೊಳಗೆ ಆರೆಸಳಿನ ಹೂ. ಒಳ ಅಂಚಿನಲ್ಲಿ ತಾವರೆ ಬಳ್ಳಿ. ಎಡಬಲಗಳಲ್ಲಿ ಬುಡದಿಂದ ಮೇಲೇಳುವ ಒಂದೊಂದು ಬಾಳೆಗಿಡ, ಗೊನೆ ಸಮೇತ. ಮೇಲೆ ಮಾವಿನೆಲೆಯ ತೋರಣ, ಎಲೆಗಳ ಸಂಖ್ಯೆ ಬೆಸವಾಗಿರಲಿ. ವಧೂವರರ ಆಕೃತಿ ಬೇಡವೆಂದು ಮನೆಯವರೇ ಹೇಳಿದ್ದಾರೆ. ಅವರ ಬದಲು ತೋರಣದ ಕೆಳಗೆ ಎರಡು ಬಾಸಿಂಗ ಎದುರುಬದುರಾಗಿ. ಹೆಸರಿಗೆ ನಡುವಿನ ಕಮಾನಿನೊಳಗೆ ಪೂರ್ತಿ ಬಿಳಿ ಜಾಗ, ಕಾರ್ಡಿನ ಅರ್ಧದಷ್ಟು. ಈ ಕಾಗದದಲ್ಲಿ ಅಜ್ಜ ಅಜ್ಜಿ, ಸೋದರಮಾವಂದಿರು ಎಂದು ಹೆಸರುಗಳ ಪಟ್ಟಿ ಉದ್ದವಿದೆ.

3. ರೋಶನ್ – ಜೋಯ್ಲಿನ್: ರೋಸ್ ಮತ್ತು ಮದುವೆ, ಜೋಡಿ ಕಾರ್ಡು

ಮಂಗಳೂರಿನ ಕೊಂಕಣಿ ಕ್ರೈಸ್ತ ಕುಟುಂಬ. ಎರಡು ಕಾರ್ಡುಗಳೂ ಒಂದೇ ಲಕೋಟೆಯಲ್ಲಿ ಹೋಗುತ್ತವೆ, ಆದರೆ ಮನಸ್ಸು ಬೇರೆ ಬೇರೆ. ರೋಸ್ ಎಂದರೆ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಅದರದು ಮನೆಯಂಗಳದ ಸಡಗರ: ಚಪ್ಪರ, ಎಳೆ ತೆಂಗಿನ ಗರಿಯ ಅಲಂಕಾರ, ಒಡೆದ ತೆಂಗಿನಕಾಯಿ, ಬಟ್ಟಲು ತುಂಬ ತೆಂಗಿನ ಹಾಲು, ಹಿಂದೆ ಮಂಗಳೂರು ಹೆಂಚಿನ ಮಾಡು. ಬಣ್ಣಗಳು ಹೆಂಚಿನ ಕೆಂಪು, ಗರಿಯ ಹಳದಿಹಸಿರು. ಅಂಚಿನಲ್ಲಿ ಅಬ್ಬಲಿಗೆ ಮತ್ತು ಮಲ್ಲಿಗೆ ಹೆಣೆದ ಮಾಲೆ, ಒಂದು ಕಡೆ ಸಡಿಲವಾಗಿ ಜಾರಿದ ಹಾಗೆ. ಹೆಸರಿನ ಜಾಗ ಚಪ್ಪರದ ಕೆಳಗೆ.

ಮದುವೆಯ ಕಾರ್ಡು ಶಾಂತವಾಗಿರಲಿ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ಕಂಡವರಿಗೆ ಅಲ್ಲಿನ ಮೃದು ಬಣ್ಣಗಳ ನೆನಪಿದ್ದೀತು. ಆ ಹದ ಬೇಕು, ಆ ಆಕೃತಿಗಳ ನಕಲು ಬೇಡ. ಬಿಳಿ ಲಿಲ್ಲಿ, ಜೊತೆಗೆ ಬಲಗಡೆಯಿಂದ ಇಳಿಯುವ ಒಂದು ಮಲ್ಲಿಗೆ ದಂಡೆ. ಕೆಳಗೆ ಒಂದು ಬದಿಯಲ್ಲಿ ಸಾದೊ ಸೀರೆಯ ಕೆಂಪು ಸೆರಗಿನ ತುದಿ ಮಾತ್ರ. ಹೆಸರಿನ ಜಾಗ ಎರಡು: ಕನ್ನಡಕ್ಕೊಂದು, ಇಂಗ್ಲಿಷಿಗೊಂದು, ಸಮ ಅಗಲ.

4. ವಿಟ್ಲಪಿಂಡಿ ಶುಭಾಶಯ ಕಾರ್ಡು

ಅಡ್ಡ ಆಯತ, 7 × 5. ಉಡುಪಿಯ ರಥಬೀದಿ, ಗುರ್ಜಿಗಳಿಂದ ತೂಗುಬಿದ್ದ ಮೊಸರು ಕುಡಿಕೆಗಳು, ಒಂದು ಆಗಲೇ ಒಡೆದು ಬಣ್ಣದ ನೀರು ಸುರಿಯುತ್ತಿದೆ. ಕೆಳಗೆ ಎಡಮೂಲೆಯಲ್ಲಿ ಹುಲಿವೇಷದ ಹುಡುಗರಿಬ್ಬರು. ಪಟ್ಟೆಗಳು ಮೈಗೆ ಬಳಿದ ಬಣ್ಣ, ಹುಲಿಯ ಚರ್ಮವಲ್ಲ. ಹೊಟ್ಟೆಯ ಮೇಲಿನ ಬೆವರು ಕಾಣಲಿ. ಎಡಗಡೆ ದಟ್ಟವಾಗಿರಲಿ, ಬಲಕ್ಕೆ ಹೋದಂತೆ ಜನ ತೆಳುವಾಗಿ ಬರೀ ಆಕಾಶ ಉಳಿಯಲಿ. ಹೆಸರು ಅಲ್ಲಿ.

ಕೃಷ್ಣನನ್ನು ಬಿಡಿಸುವುದಾದರೆ ಉಡುಪಿಯ ಕೃಷ್ಣನನ್ನೇ ಬಿಡಿಸಿ: ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ. ಕೊಳಲು ಹಿಡಿಸಿದರೆ ನಮ್ಮವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಅಂಚಿಗೆ ಚಕ್ಕುಲಿಯ ಸುರುಳಿ ಮತ್ತು ಉಂಡೆಗಳ ಸಾಲು, ನಡುನಡುವೆ ತುಳಸಿಯ ಕುಡಿ. ಚಕ್ಕುಲಿಯ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ. ದೂರದಿಂದ ಕುಸುರಿ ಕೆಲಸ, ಹತ್ತಿರ ಹಿಡಿದಾಗ ತಿಂಡಿ.

5. ದೀಪಾವಳಿ: ಗೂಡುದೀಪ

ಕಡುನೀಲಿ ಇರುಳು, ಹೆಂಚಿನ ಮನೆಯ ಮಾಡಿನ ಅಂಚಿಗೆ ತೂಗುಬಿಟ್ಟ ಒಂದೇ ದೊಡ್ಡ ಗೂಡುದೀಪ. ಬಿದಿರ ಕಡ್ಡಿಯ ಚೌಕಟ್ಟು ಬಣ್ಣದ ಕಾಗದದ ಹಿಂದಿನಿಂದ ಕಪ್ಪು ಗೆರೆಯಾಗಿ ಕಾಣಬೇಕು, ಕಾಗದದ ಬಾಲಗಳು ಗಾಳಿಗೆ ಒಂದೇ ಕಡೆ ವಾಲಿರಬೇಕು. ಅಂಗಳದಾಚೆ ಕೊಯ್ಲಾದ ಗದ್ದೆ, ಬಲೀಂದ್ರನಿಗೆ ಇಟ್ಟ ಹಣತೆ, ಸುತ್ತ ಕಾಡುಹೂಗಳು. ಅಂಚು ಮೂರು ಬದಿಗೆ ಮಾತ್ರ: ಗೊಂಡೆಹೂ ಮತ್ತು ಕೇಪಳ. ಕೆಳಬದಿ ತೆರೆದಿರಲಿ, ಕುಟುಂಬದ ಹೆಸರು ಬೆಳಕು ಬಿದ್ದ ಅಂಗಳದ ಮೇಲೆ ಬರುತ್ತದೆ. ಪಟಾಕಿ ಬೇಡ.

6. ಮೋಂತಿ ಹಬ್ಬ

ಸೆಪ್ಟೆಂಬರ್ 8ಕ್ಕೆ ಮುಂಚೆ ಕೈಸೇರಬೇಕು, ಆದ್ದರಿಂದ ಇದನ್ನು ಮೊದಲು ಮುಗಿಸಿ. ಹೊಸ ಭತ್ತದ ತೆನೆಗಳೇ ಅಂಚು, ಕಾಳು ತುಂಬಿ ಬಾಗಿದವು. ಬುಟ್ಟಿಯಲ್ಲಿ ಹೂ ಹಿಡಿದ ಮಕ್ಕಳ ಸಾಲು ಕೆಳಗೆ. ಬುಟ್ಟಿಯಲ್ಲಿ ಅಂಗಡಿಯ ಹೂವಲ್ಲ, ಹಿತ್ತಲಿನದು: ದಾಸವಾಳ, ಕಾಶಿತುಂಬೆ, ಗೊರಟೆ. ಮೇಲೆ ತೊಟ್ಟಿಲಲ್ಲಿ ಬಾಲ ಮರಿಯ, ಚಿಕ್ಕದಾಗಿ. ಹೆಸರಿಗೆ ನಡುವೆ ಬಾಳೆಲೆಯ ಆಕಾರದ ತಿಳಿ ಜಾಗ, ಎಲೆಯ ನಡುದಂಟು ಹೆಸರಿನ ಅಡಿಗೆರೆಯಾಗುತ್ತದೆ.

7. ಬಿಸು

ಮೇಲಿನಿಂದ ನೋಡಿದ ಕಣಿ. ತುದಿಬಾಳೆಲೆಯ ಮೇಲೆ ಅಕ್ಕಿ, ತೆಂಗಿನಕಾಯಿ, ಮಂಗಳೂರು ಸೌತೆ, ಹಲಸು, ಮಾವು, ಹಣ್ಣು ಸಮೇತ ಗೇರುಬೀಜ, ಒಂದು ಚಿನ್ನದ ಸರ. ನಡುವೆ ದುಂಡು ಕನ್ನಡಿ, ಅದರ ಗಾಜೇ ಹೆಸರಿನ ಜಾಗ: ವ್ಯಾಸ 2½ ಇಂಚು, ಪ್ರತಿಬಿಂಬ ಬೇಡ, ತಿಳಿಬೂದು ಬಣ್ಣ ಮಾತ್ರ.

8. ಈದ್

ಮಂಗಳೂರಿನ ಬ್ಯಾರಿ ಕುಟುಂಬಗಳಿಗೆ. ಬಂದರಿನ ಝೀನತ್ ಬಕ್ಷ್ ಮಸೀದಿಯೊಳಗಿನ ಮರದ ಕೆತ್ತನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಚು ಮಾಡಿ: ಸಾಗುವಾನಿಯ ಕಂದು, ಉಳಿಯ ಏಟು ಗೊತ್ತಾಗುವಂತಹ ಎಲೆಬಳ್ಳಿ, ನಡುವೆ ಅಷ್ಟಭುಜ. ಯಾವ ಜೀವಿಯ ಆಕೃತಿಯೂ ಬೇಡ. ಮೇಲೆ ತೆಳು ಚಂದ್ರ, ಕೆಳಗೆ ತೆಂಗಿನ ತೋಪಿನ ನೆರಳುಗೆರೆ. ಬಲಬದಿಯಲ್ಲಿ ಒಂದು ಮಲ್ಲಿಗೆ ದಂಡೆ ಇಳಿಯಲಿ. ಹಬ್ಬದ ದಿನ ಆ ಮನೆಗಳಲ್ಲೂ ಅದೇ ಮಲ್ಲಿಗೆ ಮುಡಿಯುತ್ತಾರೆ. ಹೆಸರಿನ ಜಾಗದಲ್ಲಿ ಕನ್ನಡ ಎಡದಿಂದ, ಅರಬಿ ಶುಭಾಶಯ ಬಲದಿಂದ ಬರುವುದರಿಂದ ಎರಡೂ ಬದಿಯ ಅಂಚು ಒಂದೇ ಅಗಲವಿರಬೇಕು, ದಂಡೆ ಅಂಚಿನೊಳಗೇ ಮುಗಿಯಬೇಕು.