ವಿಷಯ: ಎವಿಎಲ್ ಟ್ರೀ ಅಸೈನ್‌ಮೆಂಟ್ ಕೊಡಲು ಸೋಮವಾರದವರೆಗೆ ಸಮಯ ಬೇಕಿತ್ತು

ಮೇಡಂ, ನಮಸ್ಕಾರ.

ನಾನು ಚೇತನ್, ಮೂರನೇ ಸೆಮಿಸ್ಟರ್ ಬಿ ಸೆಕ್ಷನ್, ರೋಲ್ ನಂಬರ್ 27. ನಾಳೆ ಸಂಜೆ 5ಕ್ಕೆ ಕೊಡಬೇಕಾದ ಎವಿಎಲ್ ಟ್ರೀ ಅಸೈನ್‌ಮೆಂಟನ್ನು ಸೋಮವಾರ ಸಂಜೆ 5ರೊಳಗೆ ಕೊಟ್ಟರೆ ಆಗುತ್ತದಾ ಮೇಡಂ? ನನಗೆ ಡೆಂಗಿ ಆಗಿದೆ.

ಕಳೆದ ಶನಿವಾರ ರಾತ್ರಿ ಜ್ವರ ಶುರುವಾಯಿತು. ಮಳೆಯಲ್ಲಿ ನೆನೆದಿದ್ದಕ್ಕೆ ಇರಬೇಕು ಎಂದುಕೊಂಡು ಎರಡು ದಿನ ಹಾಸ್ಟೆಲ್‌ನಲ್ಲೇ ಸುಮ್ನೆ ಮಾತ್ರೆ ನುಂಗಿಕೊಂಡು ಮಲಗಿದ್ದೆ, ಅದು ನನ್ನದೇ ತಪ್ಪು. ಸೋಮವಾರ ಎನ್‌ಎಸ್1 ಟೆಸ್ಟ್ ಪಾಸಿಟಿವ್ ಬಂತು, ಅಪ್ಪ ಬಂದು ತಿಪಟೂರಿಗೆ ಕರೆದುಕೊಂಡು ಹೋದರು. ನಿನ್ನೆ ಪ್ಲೇಟ್‌ಲೆಟ್ 82,000 ಇತ್ತು, ಇವತ್ತು ಬೆಳಿಗ್ಗೆ 96,000. ಜ್ವರ ಬಿಟ್ಟಿದೆ, ಆದರೆ ಜ್ವರ ಬಿಟ್ಟ ಮೇಲಿನ ಎರಡು ದಿನವೇ ಹುಷಾರಾಗಿರಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಹತ್ತು ನಿಮಿಷ ಸ್ಕ್ರೀನ್ ನೋಡಿದರೆ ಕಣ್ಣಿನ ಹಿಂದೆ ನೋವು ಬರುತ್ತದೆ. ಅಮ್ಮ ಅಂತೂ ಲ್ಯಾಪ್‌ಟಾಪನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದಾರೆ. ಇದನ್ನು ಫೋನಿನಲ್ಲೇ ಬರೆಯುತ್ತಿದ್ದೇನೆ.

ಕೆಲಸ ಎಲ್ಲಿಗೆ ಬಂದಿದೆ ಎಂದೂ ಹೇಳಿಬಿಡುತ್ತೇನೆ. ಇನ್ಸರ್ಷನ್ ಮತ್ತು ನಾಲ್ಕೂ ರೊಟೇಷನ್ ಶನಿವಾರ ಮಧ್ಯಾಹ್ನವೇ ಮುಗಿದಿತ್ತು. ಡಿಲೀಷನ್ ಮಾತ್ರ ಕೈಕೊಟ್ಟಿತು: 20, 10, 30, 5 ಹಾಕಿ 30 ತೆಗೆದರೆ ಸೆಗ್ಮೆಂಟೇಷನ್ ಫಾಲ್ಟ್. ಮಲಗಿದ್ದಲ್ಲೇ ಪೇಪರ್ ಮೇಲೆ ಟ್ರೀ ಬರೆದು ನೋಡಿದಾಗ ಗೊತ್ತಾಯಿತು, ಇನ್ಸರ್ಷನ್‌ನಲ್ಲಿದ್ದ ಕೀ ಹೋಲಿಸುವ ಕಂಡೀಷನ್ನನ್ನೇ ಡಿಲೀಷನ್‌ಗೂ ಹಾಗೇ ಕಾಪಿ ಮಾಡಿದ್ದೆ. ತೆಗೆದ ಕೀ ಇದ್ದದ್ದು ಬಲಗಡೆ, ಭಾರ ಜಾಸ್ತಿ ಆದದ್ದು ಎಡಗಡೆ, ಹಾಗಾಗಿ ಆ ಕೀ ನೋಡಿ ಯಾವ ರೊಟೇಷನ್ ಎಂದು ತೀರ್ಮಾನಿಸುವುದೇ ತಪ್ಪು ಅಲ್ವಾ. ಅದು ಎಲ್‌ಆರ್ ಕೇಸ್‌ಗೆ ಹೋಗಿ, ಬಲ ಮಗುವೇ ಇಲ್ಲದ 10ನ್ನು ಎಡಕ್ಕೆ ತಿರುಗಿಸಲು ನೋಡುತ್ತಿತ್ತು. ಎಲ್‌ಎಲ್ ಕೇಸ್‌ನಲ್ಲಿ ಇರಬೇಕಾದದ್ದು ಇದು:

```c
if (balance > 1 && getBalance(root->left) >= 0)
    return rightRotate(root);
```

ಇದನ್ನು ಕೋಡ್‌ನಲ್ಲಿ ಇನ್ನೂ ಹಾಕಿಲ್ಲ. ಉಳಿದ ಮೂರು ಕೇಸ್ ತಿದ್ದಬೇಕು, ಎರಡು ಮಕ್ಕಳಿರುವ ನೋಡ್ ತೆಗೆಯುವುದನ್ನು ಟೆಸ್ಟ್ ಮಾಡಬೇಕು, ರಿಪೋರ್ಟ್ ಬರೆಯಬೇಕು. ಶನಿವಾರ, ಭಾನುವಾರ ಸ್ವಲ್ಪ ಸ್ವಲ್ಪವೇ ಕೂತರೂ ಮುಗಿಯುತ್ತದೆ.

ಬ್ಲಡ್ ರಿಪೋರ್ಟ್ ಮತ್ತು ಡಾಕ್ಟರ್ ಚೀಟಿಯ ಫೋಟೋ ಜೊತೆಗೆ ಇಟ್ಟಿದ್ದೇನೆ. ಶನಿವಾರ ನನಗೇ ಮೇಲ್ ಮಾಡಿಕೊಂಡಿದ್ದ ಅರ್ಧ ಮುಗಿದ `avl.c` ಕೂಡ ಇದೆ. ಸಮಯ ಕೊಡಲು ಆಗದಿದ್ದರೆ ಅದನ್ನೇ ನನ್ನ ಸಬ್ಮಿಷನ್ ಎಂದು ತೆಗೆದುಕೊಳ್ಳಿ, ತಡಕ್ಕೆ ಮಾರ್ಕ್ಸ್ ಕಳೆಯುವುದಾದರೂ ಪರವಾಗಿಲ್ಲ. ಮಂಗಳವಾರದ ಲ್ಯಾಬ್‌ಗೆ ಬರುತ್ತೇನೆ, ವೈವಾ ಅವತ್ತೇ ಕೊಡಬಲ್ಲೆ.

ಕೊನೆ ಗಳಿಗೆಯಲ್ಲಿ ಕೇಳುತ್ತಿರುವುದಕ್ಕೆ ಕ್ಷಮಿಸಿ ಮೇಡಂ. ಮಂಗಳವಾರವೇ ಬರೆಯಬೇಕಿತ್ತು, ಆಗ ಫೋನ್ ಹಿಡಿಯುವಷ್ಟೂ ಶಕ್ತಿ ಇರಲಿಲ್ಲ.

ಇಂತಿ ನಿಮ್ಮ ವಿದ್ಯಾರ್ಥಿ,
ಚೇತನ್