ವಿಷಯ: ಜಾಲತಾಣದ ಮಾಲೀಕತ್ವದ ವಿವರ ಮತ್ತು ತಿದ್ದುಪಡಿ ನೀತಿ ಕುರಿತು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ತಾಣದ ‘ನಮ್ಮ ಬಗ್ಗೆ’ ಪುಟದಲ್ಲಿ ‘ಜನರ ದನಿ’ ಎಂದಷ್ಟೇ ಇದೆ. ಮಾಲೀಕರು ಯಾರು, ಯಾವ ಕಂಪನಿ, ಕಚೇರಿ ಎಲ್ಲಿ ಎಂಬುದಿಲ್ಲ. ಮುದ್ರಿತ ಪತ್ರಿಕೆಯಾದರೆ ಪ್ರಕಾಶಕರ ಹೆಸರು ಪ್ರತಿ ಸಂಚಿಕೆಯಲ್ಲೂ ಇರುತ್ತದೆ. ಡಿಜಿಟಲ್ ಸುದ್ದಿತಾಣಗಳು ಕುಂದುಕೊರತೆ ಅಧಿಕಾರಿಯ ಸಂಪರ್ಕ ವಿವರ ಪ್ರಕಟಿಸಬೇಕೆಂದು 2021ರ ಐಟಿ ನಿಯಮಗಳೇ ಹೇಳುತ್ತವೆ, ಅದೂ ಕಾಣಲಿಲ್ಲ.

ಕೇಳಲು ಕಾರಣವಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ಕೊಚ್ಚಿಹೋದದ್ದು 19ನೇ ಕ್ರೆಸ್ಟ್ ಗೇಟ್. ಮೊನ್ನೆಯ ನಿಮ್ಮ ಲೇಖನದಲ್ಲಿ ಬೆಳಿಗ್ಗೆ ‘9ನೇ ಗೇಟ್’ ಎಂದಿತ್ತು, ಸಂಜೆಗೆ ಸದ್ದಿಲ್ಲದೆ 19 ಆಗಿತ್ತು. ತಿದ್ದಿದ್ದು ಸರಿಯೇ. ಆದರೆ ತಿದ್ದಿದ್ದೀರೆಂದು ಕೆಳಗೊಂದು ಸಾಲು ಬೇಡವೇ? ಬೆಳಗಿನದನ್ನು ಆಗಲೇ ನಮ್ಮೂರಿನ ವಾಟ್ಸ್ಆ್ಯಪ್ ಗುಂಪುಗಳೆಲ್ಲ ಹಂಚಿಕೊಂಡಿದ್ದವು.

ಮಾಲೀಕತ್ವದ ವಿವರ ಹಾಕಿ. ತಪ್ಪು ಯಾರಿಗೆ ತಿಳಿಸಬೇಕು, ಎಷ್ಟು ದಿನದಲ್ಲಿ ತಿದ್ದುತ್ತೀರಿ ಎಂಬ ನೀತಿಯನ್ನೂ ಪ್ರಕಟಿಸಿ. ಉತ್ತರಕ್ಕೆ ಕಾಯುತ್ತೇನೆ.

ಇಂತಿ,
ಮಂಜುನಾಥ
ಹೊಸಪೇಟೆ